ಚಿತ್ರಲಿಂಗಪ್ಪನವರ ಪಾಠಕ್ಕೆ ಬಿದ್ದ ಕೆಂಪು ಗೆರೆಗಳು

ಲಕ್ಷ್ಮೀಕಾಂತ್ ಬರೆದ ಬಿನ್ನವತ್ತಳೆಗಳಲ್ಲಿ ಕೆಟ್ಟವರು ಎಂಬುವರೇ ಇರಲಿಲ್ಲ. ಹೊಳಲ್ಕೆರೆಯಿಂದ ಹೊಸದುರ್ಗದವರೆಗೆ ಯಾರು ನಿವೃತ್ತರಾಗಲಿ, ಯಾರಿಗೆ ಶಾಲು ಹೊದಿಸಲಿ, ಕಟ್ಟು ಹಾಕಿಸಿ ಕೈಗಿಡುವ ಆ ಹೊಗಳಿಕೆಯ ಪತ್ರಕ್ಕೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಹತ್ತಿರ ಒಂದು ಅಚ್ಚು ಇತ್ತು. ಹೆಸರು, ಊರು, ಇಲಾಖೆ ಬದಲಾಗುತ್ತಿದ್ದವು. ‘ಅಜಾತಶತ್ರು’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ನುಡಿದಂತೆ ನಡೆದ ಧೀಮಂತ’ ಎಂಬ ಮೂರು ಕಂಬಗಳು ಅಲ್ಲಾಡುತ್ತಿರಲಿಲ್ಲ. ಒಮ್ಮೆ ಅವನ ಇಬ್ಬರು ಅಜಾತಶತ್ರುಗಳು ಒಂದು ಬದುವಿಗಾಗಿ ಹೊಡೆದಾಡಿ ಕೋರ್ಟಿಗೆ ಹೋದರು. ಅದರಿಂದ ಅವನ ಹೆಸರಿಗೇನೂ ಕುಂದಾಗಲಿಲ್ಲ. ಇಬ್ಬರ ಮನೆಯ ಗೋಡೆಯಲ್ಲೂ ಪತ್ರಗಳು ಹಾಗೇ ತೂಗುತ್ತಿದ್ದವು.

ಹೊಟ್ಟೆಪಾಡಿಗೆ ಅವನು ಅತಿಥಿ ಶಿಕ್ಷಕ. ಬಾಗೂರಿನಿಂದ ಇನ್ನೂ ಒಳಗಿರುವ ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದ. ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ಅವನೇ ಎಂಟನೇ ತರಗತಿಗೆ ಅರ್ಥ ಬಿಡಿಸಿದ್ದ. ಸರ್ಕಾರ ಮಾತ್ರ ತಿಥಿ ನೋಡಿಯೇ ಕಳಿಸುತ್ತಿತ್ತು: ಮಾರ್ಚ್ ಮುಗಿದರೆ ಅವನೂ ಮುಗಿದ. ಜೂನ್‌ನಲ್ಲಿ ಮತ್ತೆ ಬರಬೇಕಾದರೆ ಮುಖ್ಯಶಿಕ್ಷಕಿಯ ಶಿಫಾರಸು ಬೇಕು, ಅದರ ಕೆಳಗೆ ಶಾಲಾ ಸಮಿತಿಯ ಅಧ್ಯಕ್ಷರ ಸಹಿ ಬೇಕು. ಮುಖ್ಯಶಿಕ್ಷಕಿ ಅನುಸೂಯ ಮೇಡಂ ಗಣಿತದವರು. ಬೇಕಾದುದಕ್ಕಿಂತ ಒಂದು ಮಾತು ಹೆಚ್ಚು ಆಡಿದರೆ ನಷ್ಟವೆಂದು ನಂಬಿದವರು. ಅಧ್ಯಕ್ಷ ಕಲ್ಲೇಶ್ ತೆಂಗಿನಕಾಯಿ ವ್ಯಾಪಾರದವನು. ಅರ್ಧ ವಾರ ಹಿರಿಯೂರಿನ ಮಂಡಿಯಲ್ಲಿ, ಉಳಿದರ್ಧ ಶಾಲೆಯ ಗೇಟಿನಲ್ಲಿ ಇರುತ್ತಿದ್ದ.

ಆ ವರ್ಷ ಚಿತ್ರದುರ್ಗದಲ್ಲಿ ಭಾಷಾ ಶಿಕ್ಷಕರಿಗೆ ತರಬೇತಿಯಾಯಿತು. ತಾಲ್ಲೂಕಿನ ಮಕ್ಕಳಿಗಾಗಿ ಒಂದು ಪೂರಕ ಪುಸ್ತಕ ತರುವುದು, ಪ್ರತಿ ಶಾಲೆಯಿಂದ ಒಬ್ಬ ಊರಿನವರ ಜೀವನಚಿತ್ರ, ಅದರ ಹಿಂದೆ ಅಭ್ಯಾಸದ ಪ್ರಶ್ನೆಗಳು. ಪ್ರಶ್ನೆಗಳು ‘ಯಾವಾಗ ಹುಟ್ಟಿದರು, ಎಲ್ಲಿ ಹುಟ್ಟಿದರು’ ಎಂಬ ಹಳೇ ರಾಗದಲ್ಲಿ ಇರಬಾರದು. ಪಾಠದಲ್ಲಿ ಯಾವುದು ಸಂಗತಿ, ಯಾವುದು ಅಭಿಪ್ರಾಯ, ಯಾವುದು ಬರೆದವರ ಮೆಚ್ಚುಗೆ ಎಂದು ಮಕ್ಕಳು ಬಿಡಿಸಿ ನೋಡಬೇಕು. ಹೇಳಿಕೊಡಲು ಬಂದಿದ್ದ ಮೇಡಂ ಕಿಟಕಿಯಾಚೆ ಕೈ ತೋರಿಸಿ ಹೇಳಿದರು: “ಚಂದ್ರವಳ್ಳಿ ಈ ಊರಿನ ಪಕ್ಕದಲ್ಲಿದೆ. ಇದು ಸಂಗತಿ, ಹೋಗಿ ನೋಡಿ ಪರೀಕ್ಷೆ ಮಾಡಬಹುದು. ಕೋಟೆಗಿಂತ ಚಂದ್ರವಳ್ಳಿಯನ್ನೇ ಮೊದಲು ನೋಡಬೇಕು. ಇದು ಅಭಿಪ್ರಾಯ, ಕಾರಣ ಕೊಟ್ಟು ಒಪ್ಪಬಹುದು, ಕಾರಣ ಕೊಟ್ಟು ಬೇಡ ಅನ್ನಬಹುದು. ಆಹಾ, ಚಂದ್ರವಳ್ಳಿಯೆಂಬ ಸ್ವರ್ಗವೇ! ಇದರಲ್ಲಿ ಚಂದ್ರವಳ್ಳಿಗಿಂತ ಹೇಳಿದವರ ಮನಸ್ಸೇ ಜಾಸ್ತಿ. ಇದು ಮೆಚ್ಚುಗೆ.” ಲಕ್ಷ್ಮೀಕಾಂತ್ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ. ಮೂರನೆಯದರಲ್ಲಿ ತನ್ನನ್ನು ಮೀರಿಸುವವರು ಆ ಕೋಣೆಯಲ್ಲಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು.

ಊರಿನ ಯಾರ ಬಗ್ಗೆ ಬರೆಯುವುದು ಎಂಬ ಪ್ರಶ್ನೆ ಏಳುವ ಮೊದಲೇ ಬಿದ್ದುಹೋಯಿತು. ಗೇಟಿನಲ್ಲಿ ಕಲ್ಲೇಶ್ ತಡೆದ.

“ಯಾರದಾರಾ ಚರಿತ್ರೆ ಬರೀಬೇಕಂತೆ ಮೇಷ್ಟ್ರೇ?”

“ಹೌದು ಕಲ್ಲೇಶಣ್ಣ, ಯೋಚ್ನೆ ಮಾಡ್ತಿದೀನಿ.”

“ನಮ್ಮಪ್ಪ ಸರ್ಕಾರಿ ಬಸ್ಸು ಓಡ್ಸಿ ರಿಟೈರ್ ಆಗೈತೆ. ವೇದಾವತಿ ಉಕ್ಕಿದ ದಿನ ಬಸ್ಸಿನ ತುಂಬಾ ಇದ್ದ ಜನಾನ ಉಳಿಸೈತೆ. ನಾನು ಬರೀರಿ ಅಂತ ಕೇಳ್ತಿಲ್ಲ. ಸುಮ್ನೆ ಹೇಳ್ತಿದೀನಿ.”

ಕೇಳದೆ ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವಷ್ಟು ವ್ಯಾಕರಣ ಲಕ್ಷ್ಮೀಕಾಂತನಿಗೆ ಬರುತ್ತಿತ್ತು. ಹೊಸದುರ್ಗದ ತನ್ನ ಕೋಣೆಯಲ್ಲಿ ಕುಳಿತು ಎರಡೇ ಸಂಜೆಗಳಲ್ಲಿ ‘ಹೆದ್ದಾರಿಯ ಭಗೀರಥ ಚಿತ್ರಲಿಂಗಪ್ಪ’ ಎಂಬ ಪಾಠ ಬರೆದು ಮುಗಿಸಿದ. ಚಿತ್ರಲಿಂಗಪ್ಪನವರನ್ನು ಹೋಗಿ ಮಾತಾಡಿಸಬೇಕು ಎಂದು ಅವನಿಗೆ ಹೊಳೆಯಲಿಲ್ಲ. ಬಿನ್ನವತ್ತಳೆ ಬರೆಯುವಾಗ ಯಾರನ್ನೂ ಮಾತಾಡಿಸುವ ಪದ್ಧತಿಯಿಲ್ಲ. ಮಾತಾಡಿಸಿದರೆ ಬರೆಯುವುದು ಕಷ್ಟವಾಗುತ್ತದೆ. ಪಾಠ ಮುಗಿದ ಮೇಲೂ ಪೆನ್ನು ನಿಲ್ಲಲಿಲ್ಲ. ಕೊನೆಗೆ ಒಂದು ಪ್ಯಾರಾ ತಾನಾಗಿಯೇ ಹರಿದು ಬಂತು: ‘ಇಂತಹ ಮಹನೀಯರ ಸುಪುತ್ರರಾದ ಶ್ರೀ ಕಲ್ಲೇಶ್ ಅವರೂ ತಂದೆಯ ಹೆಜ್ಜೆಯಲ್ಲೇ ನಡೆದು, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರಾಗಿ ವಿದ್ಯಾಭಿಮಾನದ ಹೆಮ್ಮರವಾಗಿ ಬೆಳೆದಿದ್ದಾರೆ.’

ಕಷ್ಟ ಶುರುವಾದದ್ದು ಪ್ರಶ್ನೆಗಳನ್ನು ಮಾಡಲು ಕುಳಿತಾಗ. ಐದು ಸಂಗತಿಗಳನ್ನು ಆರಿಸಿ ಕೊಡಬೇಕಿತ್ತು. ಅವನು ಪಾಠವನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಜಾಲಾಡಿದ. ‘ಸ್ಟಿಯರಿಂಗ್ ಹಿಡಿದ ಋಷಿ’, ‘ವೇದಾವತಿಯ ಪ್ರವಾಹವನ್ನು ದಿವ್ಯದೃಷ್ಟಿಯಿಂದ ಕಂಡ ಮಹಾತ್ಮ’, ಇವು ಸಂಗತಿಯಲ್ಲ. ‘ಅವರ ಹಾರ್ನ್ ಕೇಳಿದರೆ ಹಸುಗೂಸೂ ನಗುತ್ತಿತ್ತು’, ಯಾವ ಹಸುಗೂಸು? ‘ಈ ದಾರಿಗೆ ಅವರಷ್ಟು ಒಳ್ಳೆಯ ಚಾಲಕ ಬಂದಿರಲಿಲ್ಲ’, ಇದು ಅಭಿಪ್ರಾಯ, ಅದಕ್ಕೂ ಕಾರಣ ಬರೆದಿರಲಿಲ್ಲ. ಪರೀಕ್ಷೆ ಮಾಡಬಹುದಾದ ಪೂರ್ತಿ ವಾಕ್ಯ ಇಡೀ ಪಾಠದಲ್ಲಿ ಒಂದೇ ಸಿಕ್ಕಿತು: ‘ಅವರು ಜನಿಸಿದ್ದು ಜೂನ್ ಒಂದರಂದು.’ ಅದನ್ನೂ ಕಲ್ಲೇಶ್ ಆಧಾರ್ ಕಾರ್ಡ್ ನೋಡಿ ಹೇಳಿದ್ದರಿಂದ ಬಂದಿತ್ತು. ಲಕ್ಷ್ಮೀಕಾಂತ್ ಐದನ್ನು ಹೊಡೆದು ‘ಒಂದು ಸಂಗತಿಯನ್ನು ಆರಿಸಿ’ ಎಂದು ತಿದ್ದಿದ.

ಪ್ರಶ್ನೆಗಳನ್ನು ಕಳಿಸುವ ಮೊದಲು ತರಗತಿಯಲ್ಲಿ ಮಾಡಿಸಿ, ಪುಸ್ತಕದಲ್ಲಿ ಅಚ್ಚು ಹಾಕಲು ಮಕ್ಕಳ ಉತ್ತರಗಳನ್ನೂ ಮಾದರಿ ಉತ್ತರವನ್ನೂ ಜೊತೆಗಿಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಅವನು ಪಾಠದ ಪ್ರತಿಗಳನ್ನು ಒಂಬತ್ತನೇ ತರಗತಿಗೆ ಹಂಚಿದ. ಸಂಗತಿಗೆ ನೀಲಿ ಗೆರೆ; ನೀಲಿ ಪೆನ್ನು ಎಲ್ಲರ ಹತ್ತಿರ ಇರುತ್ತದೆ. ಅಭಿಪ್ರಾಯಕ್ಕೆ ಪೆನ್ಸಿಲ್, ಬೇಕಾದರೆ ಅಳಿಸಿ ಬದಲಾಯಿಸಬಹುದು. ಮೆಚ್ಚುಗೆಗೆ ಕೆಂಪು, ಮಂಗಳಕರ ಬಣ್ಣ. ತನ್ನ ಈ ಏರ್ಪಾಡು ಅವನಿಗೆ ಎಷ್ಟು ಹಿಡಿಸಿತೆಂದರೆ ತರಬೇತಿಯ ಮೇಡಂಗೆ ಫೋಟೊ ಕಳಿಸಬೇಕೆಂದುಕೊಂಡ.

ಮಕ್ಕಳು ಗೆರೆ ಎಳೆಯುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಕೆಂಪು ಪೆನ್ನುಗಳ ರೀಫಿಲ್ ಮುಗಿಯತೊಡಗಿತು.

ಮಾರುತಿ ಎದ್ದು ನಿಂತ. ಪಾಠ ಕೇಳಿದ ದಿನವೆಲ್ಲ ಒಂದು ಅನುಮಾನ ಕೇಳದಿದ್ದರೆ ಅವನಿಗೆ ಬುತ್ತಿ ಇಳಿಯುತ್ತಿರಲಿಲ್ಲ. “ಸಾರ್, ಭಗೀರಥ ನೀರು ತಂದೋನಲ್ವಾ? ಚಿತ್ರಲಿಂಗಜ್ಜ ನೀರು ನೋಡಿ ಬಸ್ ನಿಲ್ಲಿಸ್ದೋರು.”

“ಅದು ಹೋಲಿಕೆ ಕಣೋ.”

“ಉಲ್ಟಾ ಹೋಲಿಕೆನಾ ಸಾರ್?”

ಲಕ್ಷ್ಮೀಕಾಂತ್ ಕೇಳಿಸದವನಂತೆ ಮುಂದಿನ ಪ್ರಶ್ನೆಗೆ ಹೋದ. ‘ಪ್ರಯಾಣಿಕರು ಅವರನ್ನು ದೇವರು ಎನ್ನುತ್ತಿದ್ದರು.’ ಇದರಲ್ಲಿ ಸಂಗತಿ ಎಷ್ಟು, ಅಭಿಪ್ರಾಯ ಎಷ್ಟು? ಈ ಪ್ರಶ್ನೆಯನ್ನು ಯಾರೂ ಬಿಡಿಸಲಾರರು ಎಂಬ ಹುಮ್ಮಸ್ಸಿನಲ್ಲಿ ಅವನಿದ್ದ. ಮುಂದಿನ ಬೆಂಚಿನ ಯಮುನಾ ತಲೆಯೆತ್ತದೆಯೇ ಹೇಳಿದಳು: “ಹಂಗಂತಿದ್ರಾ ಇಲ್ವಾ ಅಂತ ಪ್ರಯಾಣಿಕರನ್ನ ಕೇಳಬೋದು ಸಾರ್, ಅಷ್ಟು ನೀಲಿ. ದೇವರು ಹೌದಾ ಅಂತ ಯಾರನ್ನ ಕೇಳಾಣ? ಅದು ಪೆನ್ಸಿಲ್ಲು.” ಸರಿಯಾದ ಉತ್ತರ. ಪಾಠದಲ್ಲಿ ಅರ್ಧ ನೀಲಿ ಗೆರೆ ಹೆಚ್ಚಾಯಿತೆಂದು ಅವನಿಗೆ ಸಮಾಧಾನವೂ ಆಯಿತು.

ಕೊನೆಯ ಪ್ರಶ್ನೆ: ಲೇಖಕರು ಇಷ್ಟು ಮೆಚ್ಚಿ ಬರೆಯಲು ಕಾರಣವೇನಿರಬಹುದು? ಪಾಠದಿಂದಲೇ ಆಧಾರ ಕೊಡಿ. ಎರಡು ಅಂಕ. ಮಾದರಿ ಉತ್ತರ ಅವನ ಜೇಬಿನಲ್ಲಿತ್ತು: ‘ಚಿತ್ರಲಿಂಗಪ್ಪನವರ ಕರ್ತವ್ಯನಿಷ್ಠೆ.’ ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ಮನೆಯಲ್ಲಿ ಬರೆದು ತನ್ನಿ ಎಂದ. ಆ ತರಗತಿಯಲ್ಲಿ ಪ್ರೀತಿ ಎಂಬ ಹುಡುಗಿ ಇದ್ದಾಳೆ, ಅವಳು ಕಲ್ಲೇಶನ ಮಗಳು, ಅವಳ ಮನೆಯಲ್ಲೇ ಚಿತ್ರಲಿಂಗಪ್ಪನವರು ಇದ್ದಾರೆ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ.

ಮರುದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕಲ್ಲೇಶ್ ಮುಖ್ಯಶಿಕ್ಷಕಿಯ ಕೋಣೆಯಲ್ಲಿದ್ದ. ಪಕ್ಕದ ಕುರ್ಚಿಯಲ್ಲಿ ಚಿತ್ರಲಿಂಗಪ್ಪನವರು, ಕಿಟಕಿಯ ಕಟ್ಟೆಗೆ ಬಲಗೈ ಊರಿ, ಈಗ ಹೊರಡುವವರಂತೆ ಕುಳಿತಿದ್ದರು. ವರ್ಷಗಟ್ಟಲೆ ಡೀಸೆಲ್ ಎಂಜಿನ್ನಿನ ಮೇಲೆ ಮಾತಾಡಿದ್ದರಿಂದ ಅವರ ಪಿಸುಮಾತು ಕೂಡ ಆಟದ ಬಯಲಿಗೆ ಕೇಳುತ್ತಿತ್ತು. ಮೇಜಿನ ಮೇಲೆ ಪ್ರೀತಿಯ ಪ್ರತಿ ಬಿಡಿಸಿಟ್ಟಿತ್ತು. ದೂರದಿಂದ ನೋಡಿದರೆ ಯಾರೋ ಪಾಠದ ಮೇಲೆ ಎಲೆಅಡಿಕೆ ಉಗಿದಂತೆ ಕಾಣುತ್ತಿತ್ತು.

“ಬರ್ರಿ ಮೇಷ್ಟ್ರೇ,” ಎಂದ ಕಲ್ಲೇಶ್. “ನಮ್ಮಪ್ಪನ ಚರಿತ್ರೆ ನೀವೇ ಬರೆದ್ರಿ. ಈಗ ಸಾಲುಸಾಲಿಗೂ ಕೆಂಪು ಗೆರೆ ಎಳೆಸೀರಿ. ಇಡೀ ಬಾಳೇ ತಪ್ಪು ಅಂತಾನಾ?”

“ತಪ್ಪಲ್ಲ ಕಲ್ಲೇಶಣ್ಣ. ಕೆಂಪು ಅಂದ್ರೆ ಮೆಚ್ಚುಗೆ.”

“ಮೆಚ್ಚಿದ್ರೆ ಯಾವೋನ್ರೀ ಕೆಂಪು ಹಾಕ್ತಾನೆ? ನನ್ನ ಮಾರ್ಕ್ಸ್ ಕಾರ್ಡ್ ತುಂಬಾ ಕೆಂಪಿತ್ತು. ಇದೇ ನಮ್ಮಪ್ಪ ಮೆಚ್ಚಿ, ಬೆಲ್ಟ್ ಬಿಚ್ಚಿತ್ತು.”

ಶಾಲೆಯಲ್ಲಿ ಕೆಂಪಿಗೆ ಇರುವ ಅರ್ಥ ಶಾಲೆಯ ಮೇಷ್ಟ್ರಿಗೇ ಹೊಳೆದಿರಲಿಲ್ಲ. ಲಕ್ಷ್ಮೀಕಾಂತ್ ತನ್ನ ಜೇಬಿನಲ್ಲಿದ್ದ ಕೆಂಪು ಪೆನ್ನನ್ನು ಮುಟ್ಟಿ ನೋಡಿಕೊಂಡ. ಮಾರ್ಚ್ ತಿಂಗಳು ಬಾಗಿಲಲ್ಲೇ ನಿಂತಿತ್ತು.

“ಈ ಪೆನ್ಸಿಲ್ದು ಏನು?” ಚಿತ್ರಲಿಂಗಪ್ಪ ಗುಡುಗಿದರು.

“ಅದು ಅಭಿಪ್ರಾಯ, ಯಜಮಾನ್ರೇ. ಈ ದಾರಿಗೆ ನಿಮ್ಮಷ್ಟು ಒಳ್ಳೆ ಚಾಲಕ ಬಂದಿರಲಿಲ್ಲ ಅನ್ನೋದು.”

“ಅಭಿಪ್ರಾಯ ಅಂದ್ರೆ ಸುಳ್ಳು ಅಂತ ತಾನೆ?” ಕಲ್ಲೇಶ್ ಕೇಳಿದ.

“ಸುಳ್ಳಲ್ಲ. ನೀವು ಹೌದು ಅಂತೀರಿ, ಯಜಮಾನ್ರ ಬಸ್ಸಿಗೆ ಕಂಡಕ್ಟರ್ ಆಗಿದ್ದ ಎರ್ರಿಸ್ವಾಮಿ ಅಲ್ಲ ಅನ್ನಬಹುದು. ಇಬ್ಬರೂ ಕಾರಣ ಕೊಡಬೇಕು, ಅಷ್ಟೆ.”

“ಎರ್ರಿಸ್ವಾಮಿ ಯಾವನ್ಲೇ ಅಲ್ಲ ಅನ್ನಾಕೆ?” ಚಿತ್ರಲಿಂಗಪ್ಪ ಎದ್ದೇಬಿಟ್ಟರು. ಆಮೇಲೆ ಏನೋ ನೆನಪಾಗಿ ಕುಳಿತರು. “ಅಂದ್ರೂ ಅಂತಾನೆ. ಹೊಳಲ್ಕೆರೆ ತಿರುವಿನಾಗೆ ನಾನು ಬ್ರೇಕ್ ಒತ್ತಿದ್ದಕ್ಕೆ ಅವನ ಹಲ್ಲು ಮುರಿದಿತ್ತು. ಸರಿ, ಪೂರ್ತಿ ನೀಲಿ ಒಂದೇ ಸಾಲು ಐತಲ್ಲ, ಅದೇನು?”

“ಅದು ಗಟ್ಟಿ ಸಂಗತಿ. ನೀವು ಹುಟ್ಟಿದ್ದು ಜೂನ್ ಒಂದು.”

ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅದೊಂದೇ ಸುಳ್ಳು ಕಣಪ್ಪ ಇದ್ರಾಗೆ! ನಾನು ಹುಟ್ಟಿದ್ದು ಅವರೆಕಾಯಿ ಸುಗ್ಗಿನಾಗೆ ಅಂತ ನಮ್ಮವ್ವ ಹೇಳೋಳು. ಇಸ್ಕೂಲಿಗೆ ಸೇರಿಸ್ದಾಗ ಮೇಷ್ಟ್ರು ಜೂನ್ ಒಂದು ಅಂತ ಬರ್ಕಂಡ್ರು. ನಂದೂ ಅವತ್ತೇ, ಎರ್ರಿಸ್ವಾಮಿದೂ ಅವತ್ತೇ, ಊರಿನ ಅರ್ಧ ಗಂಡಸರು ಅವತ್ತೇ ಹುಟ್ಟಿದ್ದು. ಸೂಲಗಿತ್ತಿ ಎಷ್ಟು ಮನೆ ಓಡಾಡಿದ್ಲೋ ಪಾಪ!”

“ನಂದೂ ಜೂನ್ ಒಂದೇ,” ಎಂದರು ಅನುಸೂಯ ಮೇಡಂ, ಹಾಜರಿ ಪುಸ್ತಕದಿಂದ ಕಣ್ಣೆತ್ತದೆ.

ಆದರೂ ಲಕ್ಷ್ಮೀಕಾಂತನಿಗೆ ತರಬೇತಿಯಲ್ಲಿ ಕಲಿತದ್ದನ್ನು ಬಿಡಲಾಗಲಿಲ್ಲ. “ಸಂಗತಿ ಅಂದ್ರೆ ನಿಜ ಅಂತಲ್ಲ ಯಜಮಾನ್ರೇ. ಪರೀಕ್ಷೆ ಮಾಡಬಹುದಾದ ಮಾತು ಅಂತ. ಈಗ ಮಾಡಿದ್ವಿ. ಫೇಲಾಯ್ತು.”

“ಮತ್ತೆ ಈ ಕೆಂಪು?”

“ಅದು ನನಗೆ ನಿಮ್ಮ ಮೇಲಿರೋ ಮೆಚ್ಚುಗೆ. ಅದನ್ನ ಹಾಗೆ ಪರೀಕ್ಷೆ ಮಾಡೋಕಾಗಲ್ಲ.”

“ಹಂಗಾದ್ರೆ ಆ ನೀಲಿನೂ ಕೆಂಪು ಮಾಡ್ಬಿಡಪ್ಪ. ತಾಪತ್ರಯನೇ ಬ್ಯಾಡ!” ಚಿತ್ರಲಿಂಗಪ್ಪ ಈಗ ಹುರುಪಿಗೆ ಬಂದಿದ್ದರು. “ವೇದಾವತಿದೂ ಕೆಂಪಾಗೈತಾ? ಒಳ್ಳೇದಾತು. ಅವತ್ತು ಸೇತುವೆ ಈಚೆ ಬಸ್ ನಿಲ್ಸಿದ್ದು ಟೀ ಕುಡಿಯಾಕೆ. ಎರಡನೇ ಟೀ ಹೇಳಿದ್ದು ಎರ್ರಿಸ್ವಾಮಿ. ಲೋಟ ಕೆಳಗಿಡೋದ್ರಾಗೆ ಸೇತುವೆ ಮ್ಯಾಲೆ ನೀರು ಬಂದಿತ್ತು.”

“ಅಪ್ಪಾ, ಅದನ್ಯಾಕೆ ಈಗ ಹೇಳ್ತೀಯ?”

“ಕೆಂಪಾಗೈತಲ್ಲ ಬಿಡ್ಲೇ, ಯಾರೂ ಕೇಳಂಗಿಲ್ಲ.”

ತಂದೆಯ ಬಾಯಿ ಮುಚ್ಚಿಸಲೆಂದೇ ಕಲ್ಲೇಶ್ ಹಾಳೆ ಮಗುಚಿದ. ಹಿಂದಿನ ಪುಟದಲ್ಲಿ ಕೊನೆಯ ಪ್ರಶ್ನೆಗೆ ಮಗಳು ಬರೆದ ಉತ್ತರವಿತ್ತು. ಅವನು ಮೊದಲು ಗಟ್ಟಿಯಾಗಿ, ಆಮೇಲೆ ಮೆತ್ತಗೆ ಓದಿದ: ‘ಲೇಖಕರಿಗೆ ನಮ್ಮ ತಂದೆಯವರಿಂದ ಏನೋ ಕೆಲಸ ಆಗಬೇಕಾಗಿದೆ. ಆಧಾರ: ಕೊನೆಯ ಪ್ಯಾರಾ.’

ಅನುಸೂಯ ಮೇಡಂ ಮೊದಲ ಸಲ ತಲೆಯೆತ್ತಿದರು. ಪ್ರೀತಿಯನ್ನು ಕರೆಸಿದರು.

“ಯಾರು ಹೇಳ್ಕೊಟ್ರು ನಿಂಗೆ ಇದನ್ನ?” ಕಲ್ಲೇಶ್ ಕೇಳಿದ.

“ಯಾರೂ ಇಲ್ಲಪ್ಪ. ಪಾಠದಿಂದ ಆಧಾರ ಕೊಡಿ ಅಂದಿದ್ರು, ಕೊಟ್ಟೆ. ಪಾಠ ಅಜ್ಜಂದು. ಕೊನೆ ಪ್ಯಾರಾ ಪೂರ್ತಿ ನಿಂದು. ನೀನೇನು ಬಸ್ ಓಡಿಸ್ತೀಯಾ?” ಸ್ವಲ್ಪ ಯೋಚಿಸಿ ಸೇರಿಸಿದಳು. “ಮತ್ತೆ ಸಾರ್ ಆರ್ಡರ್ ಮಾರ್ಚಿಗೆ ಮುಗಿಯುತ್ತೆ, ಸಹಿಗೆ ನನ್ನ ಹತ್ರನೇ ಬರಬೇಕು ಅಂತ ನೀನೇ ಊಟ ಮಾಡೋವಾಗ ಅಂತಿದ್ದೆ.”

“ಅದು ಪಾಠದ ಹೊರಗಿನ ಮಾತು,” ಎಂದ ಲಕ್ಷ್ಮೀಕಾಂತ್ ಥಟ್ಟನೆ. “ಆಧಾರ ಪಾಠದೊಳಗಿಂದಲೇ ಇರಬೇಕು. ಅದನ್ನ ಬರೆಯೋ ಹಾಗಿಲ್ಲ.”

ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ತಾನು ಆಧಾರವನ್ನಷ್ಟೇ ತಿದ್ದಿದೆ, ಮಾತನ್ನು ಅಲ್ಲಗಳೆಯಲಿಲ್ಲ ಎಂದು. ಚಿತ್ರಲಿಂಗಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡತೊಡಗಿದರು.

“ಉತ್ತರ ಸರಿನಾ, ತಪ್ಪಾ?” ಅನುಸೂಯ ಮೇಡಂ ಕೇಳಿದರು. “ಮಾರ್ಕ್ಸ್ ಹಾಕಿಲ್ಲ ಇನ್ನೂ.”

ಲಕ್ಷ್ಮೀಕಾಂತ್ ಹಾಳೆ ಎಳೆದುಕೊಂಡ. ಜೇಬಿನ ಮಾದರಿ ಉತ್ತರವನ್ನು ನೆನೆದ. ಕರ್ತವ್ಯನಿಷ್ಠೆಗೆ ಪಾಠದಲ್ಲಿ ಆಧಾರ ಹುಡುಕಿದ; ಋಷಿ ಇದ್ದ, ಭಗೀರಥ ಇದ್ದ, ನಗುವ ಹಸುಗೂಸಿತ್ತು, ಒಂದು ದಿನವಾದರೂ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು ಎಂಬ ಸಾಲು ಇರಲಿಲ್ಲ. ಅವನ ಉತ್ತರಕ್ಕೆ ಅವನೇ ಅಂಕ ಕೊಡುವಂತಿರಲಿಲ್ಲ. ಹುಡುಗಿಯ ಉತ್ತರ ನೆಟ್ಟಗಿತ್ತು. ಊಹೆ ಇತ್ತು, ಊಹೆಗೆ ಬೆರಳಿಟ್ಟು ತೋರಿಸುವ ಜಾಗವಿತ್ತು. ತಪ್ಪು ಎಂದರೆ ಜೂನ್‌ನಲ್ಲಿ ಶಾಲೆಗೆ ಬರಬಹುದು, ಈ ಪ್ರಶ್ನೆಯನ್ನು ಮಾತ್ರ ಯಾವ ತರಗತಿಯಲ್ಲೂ ಕೇಳುವಂತಿಲ್ಲ. ಸರಿ ಎಂದರೆ ಪ್ರಶ್ನೆ ಉಳಿಯುತ್ತದೆ, ಕೇಳಲು ತಾನೇ ಇರುವುದಿಲ್ಲ. ಅವನು ಕೆಂಪು ಪೆನ್ನು ತೆಗೆದು ಎರಡಕ್ಕೆ ಎರಡು ಹಾಕಿದ.

“ಈ ಕೆಂಪು ಯಾವುದು?” ಕಲ್ಲೇಶ್ ಬಗ್ಗಿ ನೋಡಿದ. “ಮೆಚ್ಚುಗೆದಾ, ತಪ್ಪಿಂದಾ?”

“ಇದು ಮಾರ್ಕ್ಸಿಂದು. ಎರಡಕ್ಕೆ ಎರಡು. ಕೊನೆ ಪ್ಯಾರಾನ ನಾನು ತೆಗೆದುಹಾಕ್ತೀನಿ ಕಲ್ಲೇಶಣ್ಣ. ಅದು ಅಲ್ಲಿರಬಾರದಿತ್ತು.”

ಕಲ್ಲೇಶನ ಮುಖದಲ್ಲಿ ಮಂಡಿಯ ಲೆಕ್ಕಾಚಾರ ಓಡಿತು. “ತೆಗೆದ್ರೆ?”

“ತೆಗೆದ್ರೆ ಪಾಠ ಯಜಮಾನ್ರದ್ದಷ್ಟೇ ಆಗುತ್ತೆ.”

“ನನ್ ಮಗಳ ಉತ್ತರಕ್ಕೆ ಆಧಾರ?”

“ಆಧಾರ... ಇರಲ್ಲ.”

“ಮಾರ್ಕ್ಸು?”

“ಆಧಾರ ಇಲ್ಲದೆ ಮಾರ್ಕ್ಸ್ ಕೊಡೋಕಾಗಲ್ಲ.”

“ತೆಗೀಬ್ಯಾಡ್ರಿ!” ಕಲ್ಲೇಶ್ ಮೇಜು ಗುದ್ದಿದ. “ತಾಲ್ಲೂಕಿಗೆಲ್ಲ ಹೋಗೋ ಪುಸ್ತಕದಾಗೆ ನನ್ ಮಗಳಿಗೆ ಎರಡಕ್ಕೆ ಎರಡು ಬಂದೈತೆ. ಹೆಸರು ಸಮೇತ ಹಾಕ್ರಿ. ಕೊನೆ ಪ್ಯಾರಾ ಹಂಗೇ ಇರ್ಲಿ.” ಬಾಗಿಲವರೆಗೆ ಹೋದವನು ತಿರುಗಿದ. “ಹೆಮ್ಮರ ಅಂತ ಬರೆದಿದ್ರಿ, ಅದು ಚೆನ್ನಾಗೈತೆ.”

ಹೀಗೆ ಪಾಠ ಕೊನೆಯ ಪ್ಯಾರಾ ಸಮೇತ ಹೋಯಿತು, ಅದರ ಹಿಂದೆ ಆ ಪ್ಯಾರಾದ ಗುಟ್ಟು ರಟ್ಟು ಮಾಡುವ ಉತ್ತರವೂ ಹೋಯಿತು. ಲಕ್ಷ್ಮೀಕಾಂತ್ ಮಾದರಿ ಉತ್ತರವನ್ನು ಹರಿದು ಪ್ರೀತಿಯದನ್ನೇ ಲಗತ್ತಿಸಿದ. ಶೀರ್ಷಿಕೆಯಿಂದ ಭಗೀರಥನನ್ನು ಬಿಡುಗಡೆ ಮಾಡಿದ. ಎರಡನೇ ಟೀಯನ್ನು ಒಂದು ಸಾಲಿನಲ್ಲಿ ಸೇರಿಸಿದ. ಅದಕ್ಕೆ ಎರ್ರಿಸ್ವಾಮಿಯ ಮನೆಗೆ ಹೋಗಿ, ಅವನು ಮುರಿದ ಹಲ್ಲು ತೋರಿಸುವವರೆಗೆ ಕಾದು, ಕೇಳಿ ಬರಬೇಕಾಯಿತು. ನೀಲಿ ಗೆರೆ ಎಳೆಯಬಹುದಾದ ಒಂದು ಸಾಲಿಗೆ ಇಷ್ಟು ನಡೆಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಬಿನ್ನವತ್ತಳೆಗೆ ಕುರ್ಚಿಯಿಂದ ಏಳಬೇಕಾಗಿರಲಿಲ್ಲ.

ಮಾರ್ಚ್ ಕೊನೆಗೆ ಅನುಸೂಯ ಮೇಡಂ ಶಿಫಾರಸು ಬರೆದು ಅವನ ಕೈಗೆ ಕೊಟ್ಟರು. ಅವನು ಆಸೆಯಿಂದ ಓದಿದ. ಇಂತಿಂಥ ತರಗತಿಗಳಿಗೆ ಕನ್ನಡ ಬೋಧಿಸಿದ್ದಾರೆ. ಪಾಠಗಳನ್ನು ಪೂರ್ಣಗೊಳಿಸಿದ್ದಾರೆ. ಪೂರಕ ಪುಸ್ತಕಕ್ಕೆ ಒಂದು ಪಾಠ, ಅದರ ಪ್ರಶ್ನೆಗಳನ್ನು ಸಿದ್ಧಪಡಿಸಿದ್ದಾರೆ. ಮುಂದಿನ ವರ್ಷಕ್ಕೆ ಮುಂದುವರಿಸಬಹುದು. ಎಲ್ಲಾ ನೀಲಿ.

“ಮೇಡಂ, ಒಂದು ‘ಉತ್ತಮವಾಗಿ’ ಅಂತನಾದ್ರೂ ಹಾಕಬಹುದಿತ್ತು.”

“ಆಧಾರ ಕೇಳಿದ್ರೆ?” ಎಂದರು ಮೇಡಂ.

ಸಹಿ ಹಾಕಲು ಕಲ್ಲೇಶ್ ಮಂಡಿಯಿಂದ ನೇರವಾಗಿ ಬಂದ. ಮೇಡಂ ಮುಂದಿಟ್ಟ ನೀಲಿ ಪೆನ್ನನ್ನು ಪಕ್ಕಕ್ಕೆ ಸರಿಸಿ, ಲಕ್ಷ್ಮೀಕಾಂತನ ಜೇಬಿಗೆ ಕೈ ಹಾಕಿ ಕೆಂಪು ಪೆನ್ನನ್ನೇ ತೆಗೆದು, ಅರ್ಧ ಹಾಳೆ ತುಂಬುವಂತೆ ಸಹಿ ಎಳೆದ. “ನೀವು ಕಲಿಸಿದ್ದೇ ಮೇಷ್ಟ್ರೇ,” ಎಂದ. ಮೇಡಂ ಕಾಗದವನ್ನು ಹಾಗೇ ಲಕೋಟೆಗೆ ಹಾಕಿದರು.

ವಾರದೊಳಗೆ ಕಾಗದ ಹೊಸದುರ್ಗದ ಕಚೇರಿಯಿಂದ ವಾಪಸು ಬಂತು. ಕೆಂಪು ಶಾಯಿಯ ಸಹಿ ನಡೆಯುವುದಿಲ್ಲ, ನೀಲಿಯಲ್ಲಿ ಮಾಡಿಸಿ ತರುವುದು. ಲಕ್ಷ್ಮೀಕಾಂತ್ ಬಿಸಿಲಿನಲ್ಲಿ ಬಸ್ಸು ಹಿಡಿದು ಹಿರಿಯೂರಿನ ಮಂಡಿಗೆ ಹೋದ. ಕಲ್ಲೇಶ್ ಕಾಯಿಯ ರಾಶಿಯ ಮೇಲೆ ಹೊಸ ಹಾಳೆ ಇಟ್ಟುಕೊಂಡು, ಬೇಸರದಿಂದ, ಚಿಕ್ಕದಾಗಿ ನೀಲಿಯಲ್ಲಿ ಸಹಿ ಹಾಕಿದ.

“ತಗಳ್ರಿ,” ಎಂದ. “ಈಗಿದು ಬರೀ ಸಂಗತಿ ಆತು.”